8xy ಪಕ್ಕದ ಪುಟ್ಟ ಷರತ್ತು

ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಈಗ ಮೊಬೈಲ್‌ನಿಂದ ಮೊಬೈಲ್‌ಗೆ ಫೋಟೊಗಳಾಗಿ ಓಡಾಡುತ್ತವೆ. ಅಂಥ ಒಂದು ಚಿತ್ರದಲ್ಲಿ f(x, y) = 8xy ಎಂದು ದಪ್ಪಗೆ ಕಾಣುತ್ತದೆ. ಅದರ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, 0 < x < y < 1 ಎಂದಿರುತ್ತದೆ. ಫೋಟೊದ ಅಂಚಿನಲ್ಲಿ ಕತ್ತರಿಸಿಹೋಗುವುದು ಸಾಮಾನ್ಯವಾಗಿ ಈ ಷರತ್ತೇ. ಉತ್ತರವೆಲ್ಲ ನಿಂತಿರುವುದೂ ಅದರ ಮೇಲೆಯೇ.

ಇದು X, Y ಎಂಬ ಎರಡು ಚರಗಳ ಜಂಟಿ ಸಾಂದ್ರತೆ. x, y ಎರಡೂ 0ಯಿಂದ 1ರವರೆಗಿನ ಚೌಕದಲ್ಲಿ, ಎಲ್ಲಿ ಸಂಭವನೀಯತೆ ಎಷ್ಟು ದಟ್ಟವಾಗಿದೆ ಎಂದು ಅದು ಹೇಳುತ್ತದೆ. ಒಟ್ಟು ಸಂಭವನೀಯತೆ 1 ಆಗಲೇಬೇಕು. ಷರತ್ತು ಓದಲಾಗದೆ ಇಡೀ ಚೌಕದ ಮೇಲೆ 8xyಯನ್ನು ಅನುಕಲಿಸಿದರೆ ಸಿಗುವುದು 2. ಅಲ್ಲಿಗೆ ಏನೋ ತಪ್ಪಿದೆ ಎಂದು ತಿಳಿಯುತ್ತದೆ. ಕರ್ಣದ ಒಂದೇ ಬದಿಯ ತ್ರಿಕೋನ ಹಿಡಿದರೆ ಸರಿಯಾಗಿ 1 ಬರುತ್ತದೆ. ಆದರೆ ಅದು x < y ಬದಿಯೋ y < x ಬದಿಯೋ ಎಂಬುದನ್ನು ಈ ಪರೀಕ್ಷೆ ಹೇಳದು. ಅದಕ್ಕೆ ಚಿತ್ರವನ್ನೇ ನೋಡಬೇಕು.

ಒಂದು ಚರದ ಸಾಂದ್ರತೆಯಷ್ಟೇ ಬೇಕಿದ್ದರೆ ಇನ್ನೊಂದನ್ನು ಅನುಕಲಿಸಿ ಕಳೆಯುತ್ತೇವೆ. ಹೀಗೆ ಉಳಿಯುವುದೇ ಮಾರ್ಜಿನಲ್. Xನದು ಬೇಕೆಂದರೆ x ಸ್ಥಿರ. Y ಓಡುವುದು xನಿಂದ 1ರವರೆಗೆ ಮಾತ್ರ. ಸಿಗುವುದು 4x(1 − x²). Yಗಾದರೆ x ಓಡುವುದು 0ಯಿಂದ yವರೆಗೆ, ಉತ್ತರ 4y³. ಅಭ್ಯಾಸಬಲದಿಂದ yಯನ್ನು 0ಯಿಂದಲೇ ಹಿಡಿದವರಿಗೆ 4x ಬರುತ್ತದೆ. ಅದನ್ನು 0ಯಿಂದ 1ರವರೆಗೆ ಅನುಕಲಿಸಿದರೆ 2 ಆಗುವುದರಿಂದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಸ್ವಾತಂತ್ರ್ಯದ ಪ್ರಶ್ನೆ. 8xyಯಲ್ಲಿ x ಬೇರೆ, y ಬೇರೆಯಾಗಿ ಗುಣಿಸಿಕೊಂಡಿವೆ, ಆದ್ದರಿಂದ X, Y ಸ್ವತಂತ್ರ ಎಂದು ಬರೆದುಬಿಡುವವರು ಬಹಳ. ಆದರೆ ಸ್ವತಂತ್ರವಾಗಿರಲು ಎರಡು ಮಾರ್ಜಿನಲ್‌ಗಳ ಗುಣಲಬ್ಧ ಜಂಟಿ ಸಾಂದ್ರತೆಗೆ ಸಮವಾಗಬೇಕು. x = 0.8, y = 0.4 ಎಂಬ ಬಿಂದು ತ್ರಿಕೋನದ ಹೊರಗಿದೆ, ಅಲ್ಲಿ ಜಂಟಿ ಸಾಂದ್ರತೆ ಸೊನ್ನೆ. ಮಾರ್ಜಿನಲ್‌ಗಳ ಗುಣಲಬ್ಧವಾದರೋ ಸುಮಾರು 0.29. ಹಾಗಾಗಿ ಅವು ಸ್ವತಂತ್ರವಲ್ಲ. X 0.8 ಎಂದು ಗೊತ್ತಾದ ಕ್ಷಣವೇ Y ಅದಕ್ಕಿಂತ ಹೆಚ್ಚಿರಲೇಬೇಕು ಎಂಬುದೂ ಗೊತ್ತಾಗುತ್ತದಲ್ಲ!

ಈ ನಂಟು ಎಷ್ಟು, ಯಾವ ದಿಕ್ಕಿನದು ಎಂಬುದಕ್ಕೆ ಕೋವೇರಿಯನ್ಸ್ ಇದೆ: XYಯ ಸರಾಸರಿಯಿಂದ ಎರಡೂ ಸರಾಸರಿಗಳ ಗುಣಲಬ್ಧವನ್ನು ಕಳೆಯಬೇಕು. ಮಾರ್ಜಿನಲ್‌ಗಳಿಂದ Xನ ಸರಾಸರಿ 8/15, Yಯದು 4/5. XYಯನ್ನು 8xyಯಿಂದ ಗುಣಿಸಿ ತ್ರಿಕೋನದ ಮೇಲೆ ಅನುಕಲಿಸಿದರೆ 4/9. ಆದ್ದರಿಂದ ಕೋವೇರಿಯನ್ಸ್ 4/9 − 32/75 = 4/225. ಸಂಖ್ಯೆ ಚಿಕ್ಕದೆಂದು ನಂಟನ್ನು ಹಗುರವಾಗಿ ಎಣಿಸಬಾರದು. ಇಲ್ಲಿ ಎರಡೂ ಚರಗಳ ಹರಡುವಿಕೆಯೇ ಕಡಿಮೆ. ಅದರಿಂದ ಭಾಗಿಸಿ ಪಡೆಯುವ ಸಹಸಂಬಂಧಾಂಕ ಸುಮಾರು 0.49.

ಕೋವೇರಿಯನ್ಸ್ ಸೊನ್ನೆಯಲ್ಲದಿದ್ದರೆ ಚರಗಳು ಸ್ವತಂತ್ರವಲ್ಲ ಎಂಬುದು ಖಚಿತ. ತಿರುಗಿಸಿ ಹೇಳುವಂತಿಲ್ಲ. ಒಂದು ವೃತ್ತದೊಳಗೆ ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೆ ಕೋವೇರಿಯನ್ಸ್ ಸೊನ್ನೆ. ಆದರೂ x ಅಂಚಿಗೆ ಸರಿದಷ್ಟೂ yಗೆ ಸಿಗುವ ಜಾಗ ಕಿರಿದಾಗುವುದರಿಂದ ಅಲ್ಲಿಯೂ ಸ್ವಾತಂತ್ರ್ಯವಿಲ್ಲ.