ಹೊಸ ಡಾಕ್ಟರಿಗೆ ಒಂದು ಹಾಳೆ

ಹಾಸನದಿಂದ ಬೆಂಗಳೂರಿನ ಮಗನ ಮನೆಗೆ ಬಂದಿರುವ 62 ವರ್ಷದವರೊಬ್ಬರನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಕೈಯಲ್ಲಿ ದಪ್ಪ ಫೈಲು. ಹೊಸ ಡಾಕ್ಟರು ಅದನ್ನು ಪೂರ್ತಿ ಓದುವುದುಂಟೇ? ಮೇಲಿನ ರಿಪೋರ್ಟು ನೋಡುತ್ತಾರೆ. ಅದರಲ್ಲಿ ಕ್ರಿಯಾಟಿನಿನ್ 1.5, ಪಕ್ಕದಲ್ಲಿ ಹೆಚ್ಚು ಎಂಬ ಗುರುತು.

ಹಳೆಯ ರಿಪೋರ್ಟುಗಳಿಂದ ಆ ಒಂದೇ ಅಂಶವನ್ನು ಹೆಕ್ಕಿ ಸಾಲಾಗಿ ಬರೆದರೆ ಕಥೆ ಬೇರೆಯೇ ಆಗುತ್ತದೆ: 2019ರಲ್ಲಿ 0.9, 2021ರಲ್ಲಿ 1.1, 2023ರಲ್ಲಿ 1.3, 2024ರಲ್ಲಿ 1.5. ಲ್ಯಾಬಿನ ಮಿತಿ 1.3 ಆಗಿದ್ದರಿಂದ ಮೊದಲ ಮೂರು ಸಲ ಯಾವ ಗುರುತೂ ಬೀಳಲಿಲ್ಲ. ಆದರೆ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಮೂತ್ರಪಿಂಡ ಸೋಸುವ ವೇಗದ ಅಂದಾಜು, ಈ ಐದು ವರ್ಷದಲ್ಲಿ ಸುಮಾರು 100ರಿಂದ 52ಕ್ಕೆ ಇಳಿದಿದೆ. ಗುರುತು ಬೀಳುವ ಹೊತ್ತಿಗೆ ಅರ್ಧದಷ್ಟು ಶಕ್ತಿ ಹೋಗಿಯಾಗಿತ್ತು. ಅದೇ ಫೈಲಿನಲ್ಲಿ ರಕ್ತಕಣಗಳ ಪರೀಕ್ಷೆಗೆ ಬಿದ್ದಿರುವ ನಾಲ್ಕಾರು ಗುರುತುಗಳು ಮಿತಿಯಿಂದ ಕೂದಲೆಳೆಯಷ್ಟು ಆಚೀಚೆ ಇರುವಂಥವು, ವರ್ಷಗಳಿಂದ ಹಾಗೇ ಇವೆ. ಅವಕ್ಕೆ ಒಂದು ಸಾಲು ಸಾಕು. ಬೇರೆ ಬೇರೆ ಲ್ಯಾಬಿನಲ್ಲಿ ಮಾಡಿಸಿದ್ದರೆ ಅಂಕಿಯ ಪಕ್ಕ ಲ್ಯಾಬಿನ ಹೆಸರೂ ಇರಲಿ. ಸಣ್ಣ ವ್ಯತ್ಯಾಸ ಅದರಿಂದಲೂ ಬರುತ್ತದೆ.

ಔಷಧಿಗೆ ಬ್ರಾಂಡಿನ ಹೆಸರು ಸಾಲದು. ಪಟ್ಟಿಯ ಮೇಲೆ ಮುದ್ರಿಸಿರುವ ಮೂಲ ಹೆಸರು ಬೇಕು. ನಮ್ಮ ಈ ಹಿರಿಯರ ಹಾಳೆಯಲ್ಲಿ ಹೀಗಿರುತ್ತದೆ:

“ಮೆಟ್‌ಫಾರ್ಮಿನ್ 1000 ಮಿ.ಗ್ರಾಂ, ಬೆಳಿಗ್ಗೆ, ರಾತ್ರಿ, 2016ರಿಂದ. ಟೆಲ್ಮಿಸಾರ್ಟಾನ್ 40, ಬೆಳಿಗ್ಗೆ, 2020ರಿಂದ. ಎನಲಾಪ್ರಿಲ್ 2020ರಲ್ಲಿ ನಿಲ್ಲಿಸಿದೆ, ಒಣಕೆಮ್ಮು ಬಂತು. ಮಂಡಿನೋವಿಗೆ ಡೈಕ್ಲೋಫೆನಾಕ್, 2022ರಿಂದ, ವಾರಕ್ಕೆ ಮೂರ್ನಾಲ್ಕು, ಅಂಗಡಿಯಿಂದಲೇ ತಂದದ್ದು.”

ನಿಲ್ಲಿಸಿದ ಮಾತ್ರೆಯನ್ನು ಬರೆಯದಿದ್ದರೆ ಅದೇ ಗುಂಪಿನ ರಾಮಿಪ್ರಿಲ್ ಮತ್ತೆ ಚೀಟಿಗೆ ಬರಬಹುದು, ಕೆಮ್ಮೂ ಮರಳಬಹುದು. ಕೊನೆಯ ಸಾಲಂತೂ ಯಾವ ಚೀಟಿಯಲ್ಲೂ ಇಲ್ಲ, ಹೇಳಿದರೆ ಬೈಸಿಕೊಳ್ಳಬೇಕಾದೀತೆಂದು ಜನ ಹೇಳುವುದೂ ಇಲ್ಲ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಟೆಲ್ಮಿಸಾರ್ಟಾನ್ ಜೊತೆಗಿದ್ದಾಗ ಅಪಾಯ ಇನ್ನೂ ಹೆಚ್ಚು. ನಾಟಿ ಔಷಧಿ, ಕಷಾಯ, ಭಸ್ಮ ಏನಿದ್ದರೂ ಇದೇ ಜಾಗಕ್ಕೆ ಸೇರಬೇಕು.

“ನೋವಿನ ಮಾತ್ರೆಯಿಂದಲೇ ಕಿಡ್ನಿ ಕೆಟ್ಟಿದೆ” ಎಂದು ಮಾತ್ರ ಬರೆಯಬೇಡಿ. ಸಕ್ಕರೆಯೂ ಬಿಪಿಯೂ ಅದೇ ಕೆಲಸ ಮಾಡಬಲ್ಲವು. ಇಸವಿ, ಅಂಕಿ ಎದುರಿಗಿದ್ದರೆ ಡಾಕ್ಟರು ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಎಂದು ನೋಡಿಸುತ್ತಾರೆ, ಡೈಕ್ಲೋಫೆನಾಕ್ ಬಿಡಿಸಿ ಕೆಲವು ವಾರದ ನಂತರ ಕ್ರಿಯಾಟಿನಿನ್ ಮತ್ತೆ ಮಾಡಿಸುತ್ತಾರೆ. ಇಜಿಎಫ್‌ಆರ್ 45ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಸಾಮಾನ್ಯವಾಗಿ ಇಳಿಸಬೇಕಾಗುತ್ತದೆ.