ತಳಕ್ಕೆ ಗೊತ್ತಾಗುವುದು ನೀರಿನ ಆಳ ಮಾತ್ರ

ನೇರ ಗೋಡೆಯ ಪಾತ್ರೆ ಒಂದು, ಬಾಯಿ ಅಗಲವಾದದ್ದು ಇನ್ನೊಂದು, ಮೇಲಕ್ಕೆ ಹೋದಂತೆ ಕಿರಿದಾಗುವುದು ಮತ್ತೊಂದು. ಮೂರರ ತಳದ ವಿಸ್ತೀರ್ಣವೂ ಒಂದೇ. ಒಂದೇ ಮಟ್ಟಕ್ಕೆ ನೀರು ತುಂಬಿದಾಗ ಒಳಗಿರುವ ನೀರಿನ ತೂಕ ಮೂರರಲ್ಲೂ ಬೇರೆ ಬೇರೆ. ತಳದ ಮೇಲಿನ ಒತ್ತಡ ಮಾತ್ರ ಒಂದೇ. ದ್ರವಸ್ಥಿತಿ ವಿರೋಧಾಭಾಸ ಎಂದು ಹೆಸರಾದ ಈ ಸಂಗತಿಯನ್ನು ಸೈಮನ್ ಸ್ಟೆವಿನ್ 1586ರಲ್ಲೇ ವಿವರಿಸಿದ್ದ.

ಕಿರಿದಾಗುವ ಪಾತ್ರೆಯಲ್ಲೇ ಅಚ್ಚರಿ ಹೆಚ್ಚು. 100 ಚದರ ಸೆಂ.ಮೀ. ತಳ, 10 ಸೆಂ.ಮೀ. ಎತ್ತರದ ಒಂದು ಡಬ್ಬಿ ಇದೆ ಎನ್ನೋಣ. ಅದರ ಮುಚ್ಚಳದ ನಡುವೆ 1 ಚದರ ಸೆಂ.ಮೀ. ಒಳ ಅಳತೆಯ, 10 ಸೆಂ.ಮೀ. ಉದ್ದದ ಕೊಳವೆ ನಿಂತಿದೆ. ಕೊಳವೆಯ ತುದಿಯವರೆಗೆ ತುಂಬಿಸಿದರೆ ಹಿಡಿಯುವ ನೀರು 1,010 ಗ್ರಾಂ. ಕೊಳವೆಯ ನೇರ ಕೆಳಗಿನ ತಳ 20 ಸೆಂ.ಮೀ. ನೀರನ್ನು ಹೊತ್ತಿದೆ, ಅಂದರೆ ಪ್ರತಿ ಚದರ ಸೆಂ.ಮೀ.ಗೆ 20 ಗ್ರಾಂ ಭಾರ. ಉಳಿದ ತಳದ ಮೇಲೆ ಇರುವುದು 10 ಸೆಂ.ಮೀ. ನೀರಷ್ಟೇ. ಆದರೂ ಅಲ್ಲಿ ಒತ್ತಡ ಕಡಿಮೆಯಾಗಿರಲು ಸಾಧ್ಯವಿಲ್ಲ. ಕಡಿಮೆಯಿದ್ದರೆ ನಡುವಿನ ನೀರು ಪಕ್ಕಕ್ಕೆ ನುಗ್ಗುತ್ತಿತ್ತು. ನಿಂತ ನೀರು ಹಾಗೆ ಹರಿಯುವುದಿಲ್ಲ. ಹಾಗಾಗಿ ಇಡೀ ತಳ ಹೊರುವುದು 2,000 ಗ್ರಾಂ ಭಾರ, ಒಳಗಿರುವ ನೀರಿನ ತೂಕದ ಸುಮಾರು ಇಮ್ಮಡಿ.

ಈ ಹೆಚ್ಚುವರಿ ಭಾರ ಬರುವುದು ಮುಚ್ಚಳದಿಂದ. 10 ಸೆಂ.ಮೀ. ಆಳದಲ್ಲಿರುವ ನೀರು ಮುಚ್ಚಳದ 99 ಚದರ ಸೆಂ.ಮೀ. ಜಾಗವನ್ನು 990 ಗ್ರಾಂ ಭಾರದಷ್ಟು ಮೇಲಕ್ಕೆ ತಳ್ಳುತ್ತದೆ; ಮುಚ್ಚಳ ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಅದು ಎದ್ದು ನೀರು ಚೆಲ್ಲುವುದನ್ನು ಕಣ್ಣಾರೆ ನೋಡಬಹುದು. ಡಬ್ಬಿಯನ್ನು ತಕ್ಕಡಿಯಲ್ಲಿಟ್ಟರೆ, ಡಬ್ಬಿಯ ತೂಕ ಬಿಟ್ಟು, ತೋರುವುದು 1,010 ಗ್ರಾಂ ಮಾತ್ರ. ತಳ 2,000 ಗ್ರಾಂನಷ್ಟು ಕೆಳಕ್ಕೆ, ಮುಚ್ಚಳ 990 ಗ್ರಾಂನಷ್ಟು ಮೇಲಕ್ಕೆ ದೂಡಿಸಿಕೊಳ್ಳುತ್ತವೆ. ಎರಡೂ ಒಂದೇ ಡಬ್ಬಿಯ ಭಾಗಗಳಾದ್ದರಿಂದ ಒಂದರಿಂದ ಇನ್ನೊಂದು ಕಳೆದುಹೋಗುತ್ತದೆ. ಲೆಕ್ಕ ಒಂದು ಗ್ರಾಂ ಕೂಡ ತಪ್ಪುವುದಿಲ್ಲ.

ಅಗಲ ಬಾಯಿಯ ಪಾತ್ರೆಯಲ್ಲಿ ಇದೇ ಕೆಲಸ ತಿರುವುಮುರುವಾಗಿ ನಡೆಯುತ್ತದೆ. ಓರೆ ಗೋಡೆಗಳು ತಮ್ಮ ಮೇಲಿನ ನೀರನ್ನು ತಾವೇ ಹೊರುತ್ತವೆ. ತಳದ ಪಾಲಿಗೆ ಉಳಿಯುವುದು ಅದರ ನೇರ ಮೇಲಿರುವ ನೀರು ಮಾತ್ರ.

ಒತ್ತಡ ಸಮವಾಗಲು ದ್ರವ ಒಂದೇ ಆಗಿರಬೇಕು, ನಿಶ್ಚಲವಾಗಿರಬೇಕು. ತಳದ ವಿಸ್ತೀರ್ಣ ಬೇರೆಯಾದರೆ ಒತ್ತಡ ಸಮವಾಗಿಯೇ ಇರುತ್ತದೆ, ಆದರೆ ತಳ ಹೊರುವ ಒಟ್ಟು ಭಾರ ಬದಲಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಕೊಳವೆಯಲ್ಲಿ ನೀರು ಗೋಡೆಗೆ ಅಂಟುವುದರಿಂದ ಈ ಸರಳ ಲೆಕ್ಕ ಸಾಲದು.

ಫ್ರಾನ್ಸಿನ ಬ್ಲೇಸ್ ಪಾಸ್ಕಲ್‌ನ ಮರಣಾನಂತರ, 1663ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದರ ಪರೀಕ್ಷೆಯೂ ಇದೆ. ಪಾತ್ರೆಯನ್ನು ಬೇರೆ ಆಧಾರಕ್ಕೆ ಬಿಗಿದು, ಬಿಡಿಯಾದ ತಳವನ್ನು ಮಾತ್ರ ತಕ್ಕಡಿಯ ಒಂದು ತೋಳಿಗೆ ಕಟ್ಟಬೇಕು. ಕಿರಿದಾದ ಪಾತ್ರೆಯಲ್ಲಿ ನೀರು ಸ್ವಲ್ಪವೇ ಇದ್ದರೂ ತಳವನ್ನು ಹಿಡಿದಿಡಲು ದೊಡ್ಡ ತೂಕ ಬೇಕಾಗುತ್ತದೆ. ಅದೇ ನೀರು ಹೆಪ್ಪುಗಟ್ಟಿ ಗೋಡೆಗೆ ಅಂಟದೆ ನಿಂತರೆ, ಆ ಮಂಜುಗಡ್ಡೆಯ ತೂಕದಷ್ಟೇ ಸಾಕು. ಗಟ್ಟಿ ವಸ್ತು ಒತ್ತಡವನ್ನು ದ್ರವದಂತೆ ಎಲ್ಲ ದಿಕ್ಕಿಗೂ ಹಂಚುವುದಿಲ್ಲ.