ಶಾಲೆಗೆ ಹೊರಟ ಮೊಮ್ಮಗುವಿಗೆ ಅಜ್ಜಿಯ ನಾಲ್ಕು ಮಾತು

ಮೊದಲ ದಿನ ಶಾಲೆಗೆ ಹೋಗುವ ಮಗುವಿಗೆ ಓದಲು ಬರುವುದಿಲ್ಲ. ಹಾರೈಕೆ ಕಳಿಸುವ ಅಜ್ಜ ಅಜ್ಜಿಯರು ಮೊದಲು ನೆನಪಿಡಬೇಕಾದ್ದು ಇದನ್ನೇ. ಸೊಸೆಯ ವಾಟ್ಸಾಪಿಗೆ ಹೋದ ಹೂವಿನ ಚಿತ್ರದ ಶುಭಾಶಯ ಮಗುವನ್ನು ಮುಟ್ಟುವುದಿಲ್ಲ, ಅಜ್ಜಿಯ ದನಿ ಮುಟ್ಟುತ್ತದೆ. ಆದ್ದರಿಂದ ಮಾತಾಡಿ, ರೆಕಾರ್ಡ್ ಮಾಡಿ ಕಳಿಸಿ. ಅರ್ಧ ನಿಮಿಷ ಸಾಕು. ಅದೂ ಹಿಂದಿನ ರಾತ್ರಿಯೇ ತಲುಪಲಿ. ಬೆಳಿಗ್ಗೆ ತಲೆ ಬಾಚಿ, ಷೂ ಹಾಕಿಸುವ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

ನಮ್ಮ ಅನೇಕ ಮನೆಗಳಲ್ಲಿ ಈ ಆಶೀರ್ವಾದ ಅಕ್ಷರಾಭ್ಯಾಸದ ಹೊತ್ತಿಗೇ ಸಿಗುತ್ತದೆ. ವಿಜಯದಶಮಿಯಂದು ಮನೆಯಲ್ಲೋ, ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲೋ ಹಿರಿಯರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅದರ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ಅಲ್ಲಿ ಬೆರಳು ಹಿಡಿದ ಕೈಯೇ ಧೈರ್ಯ ಕೊಡುತ್ತದೆ. ಮೊಮ್ಮಗು ಬೆಂಗಳೂರಿನಲ್ಲಿ, ಅಜ್ಜಿ ತಿಪಟೂರಿನಲ್ಲಿ ಇದ್ದರೆ ಆ ಕೆಲಸವನ್ನು ಮಾತೇ ಮಾಡಬೇಕು.

‘ಚೆನ್ನಾಗಿ ಓದಿ ದೊಡ್ಡೋಳಾಗು’ ಎಂಬ ಹರಕೆ ಹೆತ್ತವರಿಗೆ ಅರ್ಥವಾಗುತ್ತದೆ. ನಾಲ್ಕು ವರ್ಷದ ಮಗುವಿನ ಚಿಂತೆ ಬೇರೆಯೇ. ಅಮ್ಮ ಯಾವಾಗ ಬರುತ್ತಾಳೆ, ಒಂದಕ್ಕೆ ಬಂದರೆ ಯಾರಿಗೆ ಹೇಳಬೇಕು, ಡಬ್ಬಿಯ ಮುಚ್ಚಳ ಯಾರು ತೆಗೆದುಕೊಡುತ್ತಾರೆ. ಹರಕೆ ಇಲ್ಲಿಂದ ಶುರುವಾಗಲಿ:

“ಪುಟ್ಟೀ, ಅಜ್ಜಿ ಮಾತಾಡ್ತಿದೀನಿ ಕಣೇ. ನಾಳೆ ಸ್ಕೂಲಿಗೆ ಹೋಗ್ತೀಯಲ್ಲಾ, ಒಂದಕ್ಕೆ ಬಂದ್ರೆ ಮಿಸ್‌ಗೆ ಹೇಳು, ನಾಚ್ಕೋಬೇಡ. ಡಬ್ಬಿ ಬಿಚ್ಚೋಕೆ ಆಗ್ಲಿಲ್ಲ ಅಂದ್ರೂ ಅವರನ್ನೇ ಕೇಳು. ತಿಂಡಿ ತಿಂದು, ಆಟ ಆಡಿದ್ಮೇಲೆ ಅಮ್ಮ ಗೇಟ್ ಹತ್ರ ಬರ್ತಾಳೆ. ಅಳು ಬಂದ್ರೆ ಅತ್ತುಬಿಡು, ಪರವಾಗಿಲ್ಲ. ಸಂಜೆ ನಂಗೆ ಫೋನ್ ಮಾಡು. ದೇವರು ಒಳ್ಳೇದು ಮಾಡ್ಲಿ ಕಂದಾ.”

ಇದರಲ್ಲಿ ಗಡಿಯಾರದ ಮಾತಿಲ್ಲ. ‘ಹನ್ನೆರಡೂವರೆಗೆ’ ಎಂದರೆ ಅಷ್ಟು ಚಿಕ್ಕ ಮಗುವಿಗೆ ಏನೂ ತಿಳಿಯದು, ‘ಆಟ ಆದ್ಮೇಲೆ’ ಎಂದರೆ ತಿಳಿಯುತ್ತದೆ. ಕರೆತರಲು ಬರುವವರು ಯಾರೆಂದು ಮೊದಲೇ ಮಗಳನ್ನೋ ಸೊಸೆಯನ್ನೋ ಕೇಳಿಕೊಳ್ಳಿ. ವ್ಯಾನ್ ಬರುವುದಾದರೆ ವ್ಯಾನ್ ಎಂದೇ ಹೇಳಿ. ಸಮಾಧಾನಕ್ಕೆಂದು ‘ಅಮ್ಮ ಹೊರಗೇ ಕೂತಿರ್ತಾಳೆ’ ಎನ್ನುವುದು ಬೇಡವೇ ಬೇಡ. ಇಣುಕಿ ನೋಡಿ ಅಮ್ಮ ಕಾಣದಿದ್ದರೆ, ಮರುದಿನ ಮಗು ಬಾಗಿಲಲ್ಲೇ ಸೆರಗು ಹಿಡಿದು ನಿಲ್ಲುತ್ತದೆ. ‘ಅಳಬೇಡ, ಜಾಣೆ ನೀನು’ ಎನ್ನುವುದೂ ಬೇಡ. ಅತ್ತರೆ ತಾನು ಜಾಣೆಯಲ್ಲ ಎಂದು ಅದು ತಿಳಿದುಕೊಳ್ಳುತ್ತದೆ.

ಕಳಿಸುವ ಮುನ್ನ ಒಮ್ಮೆ ಕೇಳಿಸಿಕೊಳ್ಳಿ. ನಿಮ್ಮ ಗಂಟಲು ಕಟ್ಟಿದ್ದರೆ ಅಳಿಸಿ, ನೀರು ಕುಡಿದು, ಮತ್ತೆ ಹೇಳಿ. ಮಾತು ಪೂರ್ತಿ ತಿಳಿಯದ ಮಗುವಿಗೂ ದನಿಯೊಳಗಿನ ಆತಂಕ ತಿಳಿದುಬಿಡುತ್ತದೆ. ಸಂಜೆ ಫೋನ್ ಬಂದಾಗ ‘ಏನು ಕಲಿತೆ’ ಎಂದು ಕೇಳಬೇಡಿ. ಮೊದಲ ದಿನ ಹೇಳುವಂಥದ್ದೇನೂ ಇರುವುದಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಕೇಳಿ, ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಳ್ಳಿ.